ಓಡಿದರೆ ಚಪ್ಪಾಳೆ, ಕೂತರೆ ಕೈಕಟ್ಟು

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಜರ್ಮನ್ ಕಲಿಸುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಫಾರ್ಮುಲಾ ಮೇಷ್ಟ್ರು ಎಂದು ಕರೆಯುತ್ತಿದ್ದರು. ಆ ಹೆಸರನ್ನು ಹೊಗಳಿಕೆ ಎಂದು ತಿಳಿದ ಒಬ್ಬನೇ ವ್ಯಕ್ತಿ ಎಂದರೆ ಅವರೇ. ಭಾಷೆ ಎಂದರೆ ಯಂತ್ರ, ಸರಿಯಾದ ಗುಂಡಿ ಒತ್ತಿದರೆ ಸರಿಯಾದ ವಾಕ್ಯ ಹೊರಗೆ ಬೀಳುತ್ತದೆ ಎಂಬುದು ಅವರ ಸಿದ್ಧಾಂತ. ತಮ್ಮ ಯಂತ್ರದಿಂದ ಏನು ಬೀಳುತ್ತಿದೆ ಎಂದು ಬಗ್ಗಿ ನೋಡುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ.

ಅದಕ್ಕೆ ಮೊದಲು ಅವರು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದರು. ಆಮೇಲೆ ಅದೇ ಕೋಣೆಯಲ್ಲಿ ಟೈಪಿಂಗ್ ಕಲಿಸಿದರು, ಆಮೇಲೆ ಇಂಗ್ಲಿಷ್ ಮಾತಾಡುವುದನ್ನು. ನರ್ಸುಗಳು ಜರ್ಮನ್ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗತೊಡಗಿದ್ದೇ ತಡ, ಹಳೆಯ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದು ಜರ್ಮನ್ ಎಂದು ಬರೆಸಿದರು. ಬಣ್ಣ ತೆಳುವಾಗಿದ್ದುದರಿಂದ ಬಿಸಿಲು ಬಿದ್ದಾಗ ಹಿಂದಿನ ಅಕ್ಷರಗಳು ಇಣುಕುತ್ತಿದ್ದವು. ಅವರು ಸ್ವತಃ ಜರ್ಮನ್ ಕಲಿತದ್ದು ಮೊದಲ ಎರಡು ಹಂತ ಮಾತ್ರ. ಅದು ತಪ್ಪಲ್ಲ. ಎರಡು ಹಂತ ಕಲಿತವನು ಮೂರನೆಯದನ್ನು ಓದಿಕೊಂಡು ಪಾಠಕ್ಕೆ ಬರಬಹುದು. ಇವರು ತಲೆ ಬಾಚಿಕೊಂಡು ಬರುತ್ತಿದ್ದರು. ಬಾಗಿಲಲ್ಲಿ ನಿಂತು ಕಿಸೆಯಿಂದ ಬಾಚಣಿಗೆ ತೆಗೆದು, ಹಿಂದಕ್ಕೊಮ್ಮೆ ಪಕ್ಕಕ್ಕೊಮ್ಮೆ ಎಳೆದು, ಆಮೇಲೆ "ಗೂಟನ್ ಮೋರ್ಗನ್" ಎಂದು ಗುಡುಗಿದರೆ ಅಲ್ಲಿಗೆ ಅವರ ಸಿದ್ಧತೆ ಮುಗಿಯಿತು.

ನಾನು ಅಲ್ಲಿ ಒಳಕೋಣೆಯಲ್ಲಿ ಹೊಸಬರಿಗೆ ಅಕ್ಷರ, ಅಂಕಿ, ಗಂಟೆ ಹೇಳುವುದನ್ನು ಕಲಿಸುತ್ತಿದ್ದೆ. ಎರಡು ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ ಹಲಗೆ. ಹೀಗಾಗಿ ಮೇಷ್ಟ್ರ ಪಾಠವೆಲ್ಲ ಬೇಡವೆಂದರೂ ನನ್ನ ಕಿವಿಗೆ ಬೀಳುತ್ತಿತ್ತು.

ಅವರ ಹೆಮ್ಮೆಯ ಪಾಠ ಒಂದಿತ್ತು. ಜರ್ಮನ್‌ನಲ್ಲಿ ಮೇಲೆ, ಕೆಳಗೆ, ಒಳಗೆ, ಪಕ್ಕ, ಮುಂದೆ, ಹಿಂದೆ, ನಡುವೆ ಎಂಬಂಥ ಒಂಬತ್ತು ಪುಟ್ಟ ಪದಗಳಿವೆ. ಇವು ನಾಮಪದದ ಮುಂದೆ ಕೂರುತ್ತವೆ. ಇವುಗಳ ನಂತರ ಬರುವ ನಾಮಪದ ಕೆಲವೊಮ್ಮೆ ದ್ವಿತೀಯಾ ವಿಭಕ್ತಿಯ ರೂಪ ತಾಳುತ್ತದೆ, ಕೆಲವೊಮ್ಮೆ ಚತುರ್ಥಿಯ ರೂಪ. ಲೋಟವನ್ನು ಮೇಜಿನ ಮೇಲೆ ಇಟ್ಟರೆ 'ಔಫ್ ಡೆನ್ ಟಿಶ್', ಅದು ದ್ವಿತೀಯಾ. ಲೋಟ ಮೇಜಿನ ಮೇಲೆ ಇದ್ದರೆ 'ಔಫ್ ಡೆಮ್ ಟಿಶ್', ಅದು ಚತುರ್ಥಿ. ನಾವು ಎರಡಕ್ಕೂ ಮೇಜಿನ ಮೇಲೆ ಎನ್ನುತ್ತೇವೆ, ನಮಗೆ ವ್ಯತ್ಯಾಸ ಹೊಳೆಯುವುದಿಲ್ಲ. ಯಾವುದು ಎಲ್ಲಿ ಎಂದು ತೀರ್ಮಾನಿಸುವುದಕ್ಕೆ ಒಂದು ಸರಳ ಪ್ರಶ್ನೆ ಇದೆ. ವಸ್ತುವೋ ಮನುಷ್ಯನೋ ಒಂದು ಜಾಗಕ್ಕೆ ಹೋಗಿ ಸೇರುತ್ತಿದೆಯೇ, ಇಲ್ಲ ಆ ಜಾಗದಲ್ಲೇ ಇದೆಯೇ? ಎಲ್ಲಿಗೆ ಎಂದು ಕೇಳಿದರೆ ದ್ವಿತೀಯಾ, ಎಲ್ಲಿ ಎಂದು ಕೇಳಿದರೆ ಚತುರ್ಥಿ.

ಮೇಷ್ಟ್ರಿಗೆ ಇಷ್ಟು ಸರಳವಾದದ್ದು ರುಚಿಸಲಿಲ್ಲ. ಅವರೊಂದು ಫಾರ್ಮುಲಾ ಕಟ್ಟಿದರು.

"ಕ್ರಿಯಾಪದ ಓಡ್ತಾ ಇದ್ಯಾ? ಚಪ್ಪಾಳೆ! ದ್ವಿತೀಯಾ! ಕ್ರಿಯಾಪದ ಕೂತಿದ್ಯಾ? ಕೈಕಟ್ಟು! ಚತುರ್ಥಿ! ಹೇಳಿ ಎಲ್ಲರೂ, ಓಡಿದರೆ?"

"ಚಪ್ಪಾಳೆ!"

"ಕೂತರೆ?"

"ಕೈಕಟ್ಟು!"

ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸೂಜಿ ಹಾಕಿ, ಸಾಯುವವರ ಕೈ ಹಿಡಿದು ಕೂತ ಹೆಂಗಸರು ಅಂಗನವಾಡಿ ಮಕ್ಕಳ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಕೆಳಗಿನ ಅಂಗಡಿಯವನು ಬೆಳಿಗ್ಗೆ ಹೊತ್ತು ಮೇಲೆ ಭಜನೆ ನಡೆಯುತ್ತದೆ ಎಂದೇ ಗಿರಾಕಿಗಳಿಗೆ ಹೇಳುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ, ಆ ಗದ್ದಲದಿಂದ ಒಂದು ಉಪಯೋಗವೂ ಆಯಿತು. ಬಾಯಿ ಬಿಡಲು ಹೆದರುತ್ತಿದ್ದವರು ಬಾಯಿ ಬಿಟ್ಟರು. ಆದರೆ ಬಿಟ್ಟ ಬಾಯಲ್ಲಿ ಏನು ಹೊರಬಂತು ಎಂಬುದು ಬೇರೆ ಮಾತು.

ಏಕೆಂದರೆ ಫಾರ್ಮುಲಾ ಅರ್ಧ ಸರಿ. ಇಡುವುದು, ಮಲಗಿಸುವುದು, ತೂಗುಹಾಕುವುದು ಓಡುತ್ತವೆ. ಇರುವುದು, ಮಲಗಿರುವುದು, ತೂಗುತ್ತಿರುವುದು ಕೂತಿರುತ್ತವೆ. ಅಲ್ಲಿ ಚಪ್ಪಾಳೆ ಕೆಲಸ ಮಾಡುತ್ತದೆ. ಉದ್ಯಾನದಲ್ಲಿ ಮಕ್ಕಳು ಆಡುತ್ತಿದ್ದರೆ? ಕಾಲು ಓಡುತ್ತಿದೆ, ಆದರೆ ಮಕ್ಕಳು ಉದ್ಯಾನ ಬಿಟ್ಟು ಎಲ್ಲಿಗೂ ಹೋಗಿಲ್ಲ. ಅದು ಚತುರ್ಥಿ. ಅದೇ ರೀತಿ ನರ್ಸು ಒಂದೇ ಕಡೆ ನಿಂತು ಮಾನಿಟರಿನ ಮೇಲೆ ಕಣ್ಣು ಹಾಯಿಸಿದರೆ ಕಾಲು ಕದಲುವುದಿಲ್ಲ, ನೋಟ ಅಲ್ಲಿಗೆ ಹೋಗುತ್ತದೆ. ಅದು ದ್ವಿತೀಯಾ. ಕಾಲನ್ನು ನೋಡಿ ತೀರ್ಮಾನಿಸುವವನು ಎರಡೂ ಕಡೆ ಮುಗ್ಗರಿಸುತ್ತಾನೆ.

ಪಠ್ಯಪುಸ್ತಕದಲ್ಲಿ ಉದ್ಯಾನದ ವಾಕ್ಯವೇ ಇತ್ತು, ಸರಿಯಾಗಿಯೇ. ಮೇಷ್ಟ್ರು ಅದನ್ನು ಏನು ಮಾಡಿದರು ಗೊತ್ತೇ? ಮುದ್ರಣ ದೋಷ ಎಂದರು. ಕೆಂಪು ಪೆನ್ನು ತರಿಸಿ, ಇಡೀ ತರಗತಿಯ ಕೈಯಲ್ಲಿ ಪುಸ್ತಕದಲ್ಲಿನ 'ಇಮ್' ಅನ್ನು, ಅಂದರೆ 'ಇನ್ ಡೆಮ್' ಎಂಬುದರ ಚುಟುಕು ರೂಪವನ್ನು, ಹೊಡೆಸಿ 'ಇನ್ ಡೆನ್' ಎಂದು ಬರೆಸಿದರು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಸಂಜೆ ಹೋಗಿ ಹೇಳಿದೆ, "ಸರ್, ಪುಸ್ತಕದಲ್ಲಿರೋದೇ ಸರಿ. ಎಲ್ಲಿಗೆ ಅಂತ ಕೇಳಬೇಕು, ಓಡ್ತಾ ಇದ್ಯಾ ಅಂತಲ್ಲ."

"ನೀನು ಓದಿರೋದು ಸ್ವಲ್ಪ ಜಾಸ್ತಿ ಆಯ್ತು ಮರಿ ಮೇಷ್ಟ್ರೇ," ಎಂದರು ಅವರು ಬಾಚಣಿಗೆಯ ಹಲ್ಲನ್ನು ಉಗುರಿನಿಂದ ಕೆರೆಯುತ್ತಾ. "ಜರ್ಮನರಿಗೂ ಅವಸರ ಇರುತ್ತೆ. ಪ್ರೆಸ್ಸಲ್ಲಿ ತಪ್ಪು ಬೀಳುತ್ತೆ."

ಪಕ್ಕದ ಮೇಜಿನಲ್ಲಿ ಹಾಜರಾತಿ ನೋಡುತ್ತಿದ್ದ ಅವರ ಹೆಂಡತಿ ತಲೆ ಎತ್ತಲಿಲ್ಲ. "ರೀ, ಎಲ್ಲಾ ಪುಸ್ತಕದಲ್ಲೂ ಒಂದೇ ತಪ್ಪು ಬಿದ್ದಿದ್ಯಾ? ಪಾಪ, ಎಷ್ಟು ಅವಸರ ಇತ್ತೋ," ಎಂದರು. ಮೇಷ್ಟ್ರಿಗೆ ಅದು ಸಹಾನುಭೂತಿಯಾಗಿ ಕೇಳಿಸಿತು.

ಆ ತರಗತಿಯಲ್ಲಿ ಒಬ್ಬಾಕೆ ಇದ್ದರು. ಮೇಷ್ಟ್ರು ಅವರಿಗಿಟ್ಟ ಅಡ್ಡಹೆಸರು ಪ್ರಶ್ನೆ ಸಿಸ್ಟರ್. ಮೂಳೆ ವಿಭಾಗದ ನರ್ಸು. ರಾತ್ರಿ ಪಾಳಿ ಮುಗಿಸಿ, ಕೆಂಪಗಾದ ಕಣ್ಣಿನಲ್ಲೇ ನೇರ ತರಗತಿಗೆ ಬರುತ್ತಿದ್ದರು. ಮನೆಗೆ ಹೋದರೂ ನಿದ್ದೆ ಇರಲಿಲ್ಲ. ಅಣ್ಣನ ಮನೆಯ ನಡುಕೋಣೆಯಲ್ಲಿ ಅವರ ಚಾಪೆ. ಹಗಲು ಅವರು ಮಲಗುವ ಹೊತ್ತಿಗೆ ಅತ್ತಿಗೆಯ ಟೀವಿ, ಮಕ್ಕಳ ಆಟ, ಬಾಗಿಲು ಬಡಿಯುವವರು. ಆಕೆಗೆ ಜರ್ಮನ್ ಆಸ್ಪತ್ರೆಯಲ್ಲಿ ಬೇಕಾಗಿದ್ದದ್ದು ದೊಡ್ಡ ಸಂಬಳಕ್ಕಿಂತ ಹೆಚ್ಚಾಗಿ ಆಸ್ಪತ್ರೆಯವರು ಕೊಡುವ ಒಂದು ಕೋಣೆ. ಒಮ್ಮೆ ಚಹಾ ಕುಡಿಯುತ್ತಾ ಹೇಳಿದ್ದರು, "ಒಳಗಿಂದ ಚಿಲಕ ಹಾಕ್ಕೊಂಡು ಮಲಗಬೇಕು ಸರ್. ಅಷ್ಟೇ. ಯಾರಾದ್ರೂ ತಟ್ಟಿದ್ರೂ ಏಳಲ್ಲ."

ಅಲ್ಲಿನ ಒಂದು ಆಸ್ಪತ್ರೆಯ ಕೆಲಸ ಒಂದು ಸಲ ಅವರ ಕೈಗೆ ಬಂದು ತಪ್ಪಿತ್ತು. ಸಂದರ್ಶನದಲ್ಲಿ ಮಾತು ಹೊರಡದೆ ಕೂತಿದ್ದರಂತೆ. ಈಗ ಅದೇ ಆಸ್ಪತ್ರೆಯ ವಾರ್ಡಿನ ಮುಖ್ಯಸ್ಥೆ ಇನ್ನೊಮ್ಮೆ ಮಾತಾಡಲು ಒಪ್ಪಿದ್ದರು. ಇದೇ ಕೊನೆ. ಈ ಸಲವೂ ಆಗದಿದ್ದರೆ ಆ ಜಾಗ ಬೇರೆಯವರಿಗೆ ಎಂದು ಕೆಲಸ ಕೊಡಿಸುವ ಏಜೆನ್ಸಿಯವರು ಸ್ಪಷ್ಟವಾಗಿ ಹೇಳಿದ್ದರು.

ಕೆಂಪು ಪೆನ್ನಿನ ದಿನ ಅವರೊಬ್ಬರೇ ಪುಸ್ತಕದಲ್ಲಿ ಏನೂ ಹೊಡೆಯದೆ ಕೂತರು.

"ಏನಮ್ಮ, ಪೆನ್ನು ಬರೀತಿಲ್ವಾ?"

"ಸರ್, ಒಂದು ಡೌಟು. ಆಪರೇಷನ್ ಆದ ತಾತ ಕಾರಿಡಾರಲ್ಲಿ ವಾಕರ್ ಹಿಡ್ಕೊಂಡು ಓಡಾಡ್ತಾ ಇದಾರೆ. ಚಪ್ಪಾಳೆನಾ, ಕೈಕಟ್ಟಾ?"

"ಓಡಾಡ್ತಾ ಇದಾರಲ್ಲ, ಚಪ್ಪಾಳೆ."

"ಆದ್ರೆ ಅವರು ಕಾರಿಡಾರಲ್ಲೇ ಇದಾರಲ್ಲ ಸರ್. ರೂಮಿಂದ ಕಾರಿಡಾರಿಗೆ ಬಂದಾಗ ಚಪ್ಪಾಳೆ, ಸರಿ. ಬಂದ್ಮೇಲೆ ಅಲ್ಲಲ್ಲೇ ಸುತ್ತುತಾರೆ."

"ಸುತ್ತೋದು ಓಡೋದಲ್ವಾ?"

"ಹಾಗಾದ್ರೆ ಎರಡಕ್ಕೂ ಒಂದೇನಾ? ನಾನು ಡ್ಯೂಟಿ ಬಿಡೋವಾಗ ಮುಂದಿನ ಸಿಸ್ಟರ್‌ಗೆ ಏನು ಬರೀಲಿ? ತಾತ ಕಾರಿಡಾರಿಗೆ ಹೋದ್ರು ಅಂತ ಬರೆದ್ರೆ ಅವಳು ಹುಡುಕ್ಕೊಂಡು ಓಡ್ತಾಳೆ ಸರ್."

ತರಗತಿ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬಳು, "ಅಕ್ಕಾ, ತಾತನ್ನ ಮಂಚಕ್ಕೆ ಕಟ್ಟಿಬಿಡು, ಕೈಕಟ್ಟು ಆಗುತ್ತೆ," ಎಂದಳು. ಮೇಷ್ಟ್ರಿಗೆ ತಮ್ಮನ್ನೇ ನೋಡಿ ನಕ್ಕಂತಾಯಿತು. ಮುಖ ಕೆಂಪಗೆ ಮಾಡಿಕೊಂಡರು.

"ನೋಡಮ್ಮ, ಇದು ಆಸ್ಪತ್ರೆ ಅಲ್ಲ, ತರಗತಿ. ಇಲ್ಲಿ ತಾತನೂ ಇಲ್ಲ, ಕಾರಿಡಾರೂ ಇಲ್ಲ. ಫಾರ್ಮುಲಾ ಇದೆ. ಎಲ್ಲರೂ, ಪ್ರಶ್ನೆ ಸಿಸ್ಟರ್‌ಗೆ ಅರ್ಥ ಆಗೋ ಹಾಗೆ ಜೋರಾಗಿ. ಓಡಿದರೆ?"

ಎಲ್ಲರೂ ಅವರತ್ತ ತಿರುಗಿ ಚಪ್ಪಾಳೆ ತಟ್ಟಿದರು. ಅವರು ಕೆಂಪು ಪೆನ್ನು ತೆಗೆದು 'ಇಮ್' ಹೊಡೆದರು. ಒಂದು ಕೋಣೆ, ಒಂದು ಚಿಲಕ ಅಷ್ಟು ದೂರದಲ್ಲಿರುವಾಗ ಮೇಷ್ಟ್ರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿರುತ್ತದೆ?

ಸಂದರ್ಶನ ನಮ್ಮ ಕೋಣೆಯಲ್ಲೇ ಎಂದು ತೀರ್ಮಾನವಾಯಿತು. ಅವರ ಅಣ್ಣನ ಮನೆಯಲ್ಲಿ ಮಾತಾಡಲು ಮೂಲೆ ಇರಲಿಲ್ಲ, ನಮ್ಮಲ್ಲಿ ಇಂಟರ್ನೆಟ್ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಜೋಡಿಸುವ ಕೆಲಸ ನನ್ನದು. ಮೇಷ್ಟ್ರು ಬಾಚಣಿಗೆ ಎಳೆದುಕೊಂಡು ಬಂದು ಕ್ಯಾಮೆರಾಗೆ ಕಾಣದ ಕಡೆ ಸ್ಟೂಲು ಹಾಕಿ ಕೂತರು.

"ನಾನಿರ್ತೀನಿ, ಹೆದರಬೇಡ. ವಾಕ್ಯ ಬಂದ ತಕ್ಷಣ ನನ್ನ ಕೈ ನೋಡು. ಸದ್ದಿಲ್ಲದೆ ಚಪ್ಪಾಳೆ ಮಾಡಿದ್ರೆ ಓಟ. ಕೈಕಟ್ಟಿದ್ರೆ ಕೂತಿದೆ."

"ಸರ್, ಅವರಿಗೆ ಗೊತ್ತಾದ್ರೆ?"

"ಎಷ್ಟು ಜನರನ್ನ ದಾಟಿಸಿದ್ದೀನಿ ನಾನು!" ಎಂದರು. ಯಾರನ್ನು, ಎಲ್ಲಿಂದ ಎಲ್ಲಿಗೆ ದಾಟಿಸಿದ್ದರೋ ದೇವರೇ ಬಲ್ಲ.

"ಸರ್, ಅವರೊಬ್ಬರೇ ಮಾತಾಡಲಿ," ಎಂದೆ ನಾನು. ನನ್ನನ್ನು ವೈರು ನೋಡಿಕೋ ಎಂದರು.

ಪರದೆಯ ಮೇಲೆ ವಾರ್ಡಿನ ಮುಖ್ಯಸ್ಥೆ ಕಾಣಿಸಿಕೊಂಡರು. ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ನಿಧಾನವಾಗಿ, ಬಿಡಿಸಿ ಮಾತಾಡಿದರು. ವಾರ್ಡಿನಲ್ಲಿ ಬೆಳಿಗ್ಗೆ ಏನೇನು ಮಾಡುತ್ತೀರಿ ಹೇಳಿ ಎಂದರು.

ಸಿಸ್ಟರ್ ಶುರು ಮಾಡಿದರು. ಲೋಟವನ್ನು ಮಂಚದ ಪಕ್ಕದ ಮೇಜಿನ ಮೇಲೆ ಇಡುತ್ತೇನೆ, 'ಔಫ್ ಡೆನ್ ನಾಖ್ಟ್‌ಟಿಶ್'. ಸ್ಟೂಲಿನ ಮೇಲೆ ಸದ್ದಿಲ್ಲದ ಚಪ್ಪಾಳೆ. ಲೋಟ ಮೇಜಿನ ಮೇಲಿದೆ, 'ಔಫ್ ಡೆಮ್ ನಾಖ್ಟ್‌ಟಿಶ್'. ಕೈಕಟ್ಟು. ಗ್ಲೂಕೋಸ್ ಚೀಲವನ್ನು ಸ್ಟ್ಯಾಂಡಿಗೆ ತೂಗುಹಾಕುತ್ತೇನೆ, 'ಆನ್ ಡೆನ್ ಶ್ಟೆಂಡರ್'. ಚೀಲ ಸ್ಟ್ಯಾಂಡಿನಲ್ಲಿ ತೂಗುತ್ತಿದೆ, 'ಆನ್ ಡೆಮ್' ಕೂಡಿ ಆದ 'ಆಮ್ ಶ್ಟೆಂಡರ್'. ಎಲ್ಲವೂ ಸರಿ. ಮೇಷ್ಟ್ರು ತಾವೇ ಮಾತಾಡುತ್ತಿರುವಂತೆ ಬೆವರುತ್ತಾ ನಗುತ್ತಿದ್ದರು. ಸಿಸ್ಟರ್ ಮಾತ್ರ ಅವರ ಕೈ ನೋಡುತ್ತಲೇ ಇರಲಿಲ್ಲ, ಅವರ ಕಣ್ಣು ಪರದೆಯ ಮೇಲಿತ್ತು. ಈ ಮಾತುಗಳು ಅವರು ದಿನವೂ ಮಾಡುವ ಕೆಲಸ, ಕೈಯೇ ಅವರಿಗೆ ಹೇಳಿಕೊಡುತ್ತಿತ್ತು.

ಆಗ ಮುಖ್ಯಸ್ಥೆ ಒಂದು ಸನ್ನಿವೇಶ ಕೊಟ್ಟರು. ನಿನ್ನೆ ಸೊಂಟದ ಕೀಲಿನ ಆಪರೇಷನ್ ಆದ ಒಬ್ಬ ಅಜ್ಜ. ಇವತ್ತು ಮೊದಲ ಸಲ ವಾಕರ್ ಹಿಡಿದು, ನಿಮ್ಮ ಜೊತೆ, ಕಾರಿಡಾರಿನಲ್ಲಿ ನಡೆದರು. ಮುಂದಿನ ಪಾಳಿಯ ನರ್ಸಿಗೆ ಏನು ಹೇಳುತ್ತೀರಿ?

ಇದೇ ಪ್ರಶ್ನೆಯನ್ನು ಸಿಸ್ಟರ್ ತರಗತಿಯಲ್ಲಿ ತಾವೇ ಕೇಳಿ ಅವಮಾನ ಅನುಭವಿಸಿದ್ದರು. ಈಗ ಅವರ ಕಣ್ಣು ಸ್ಟೂಲಿನ ಕಡೆ ಹೋಯಿತು. ಮೇಷ್ಟ್ರು ಎರಡೂ ಕೈ ಎತ್ತಿ ಗಾಳಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು, ಹಕ್ಕಿ ಓಡಿಸುವವರ ಹಾಗೆ.

"ಎರ್ ಇಸ್ಟ್ ಇನ್ ಡೆನ್ ಫ್ಲೂರ್ ಗೆಗಾಂಗನ್," ಎಂದರು ಸಿಸ್ಟರ್. ಅವರು ಕಾರಿಡಾರಿಗೆ ಹೋದರು.

ಮುಖ್ಯಸ್ಥೆಯ ಹುಬ್ಬು ಮೇಲೆ ಹೋಯಿತು. "ಅಲೈನ್?" ಎಂದರು. ಒಬ್ಬರೇನಾ? ಕನ್ನಡಕ ಮೂಗಿಗೇರಿಸಿಕೊಂಡು ಮುಂದಕ್ಕೆ ಬಾಗಿ ಮತ್ತೆ ಕೇಳಿದರು. ನಿನ್ನೆ ಆಪರೇಷನ್ ಆದವರು ಕಾರಿಡಾರಿಗೆ ಎದ್ದು ಹೋದರೇ? ಆಮೇಲೆ ಎಲ್ಲಿ? ಈಗ ಎಲ್ಲಿದ್ದಾರೆ? ಅವರು ವ್ಯಾಕರಣ ಪರೀಕ್ಷೆ ಮಾಡುತ್ತಿರಲಿಲ್ಲ. ರೋಗಿ ಎಲ್ಲಿದ್ದಾನೆ ಎಂದು ಗೊತ್ತಿಲ್ಲದ ನರ್ಸನ್ನು ಯಾವ ವಾರ್ಡಿನವರೂ ಇಟ್ಟುಕೊಳ್ಳುವುದಿಲ್ಲ, ಅದು ಅವರ ಮುಖದಲ್ಲೇ ಇತ್ತು.

ಸಿಸ್ಟರ್ ಮುಖದ ಬಣ್ಣ ಹೋಯಿತು. ಮೇಷ್ಟ್ರು ಇನ್ನೂ ಚಪ್ಪಾಳೆ ಮಾಡುತ್ತಲೇ ಇದ್ದರು, ಇನ್ನೂ ಜೋರಾಗಿ ಹೇಳು ಎಂಬಂತೆ. ಜೋರಾಗಿ ಹೇಳಿದರೆ ಅಜ್ಜ ಇನ್ನೂ ದೂರ ಹೋಗುತ್ತಾನೆ ಎಂಬುದಷ್ಟೂ ಆ ತಲೆಗೆ ಹೊಳೆಯಲಿಲ್ಲ.

ಸಿಸ್ಟರ್ ಮೇಷ್ಟ್ರ ಕಡೆಗೆ ಬೆನ್ನು ಮಾಡಿ ಕುರ್ಚಿ ಎಳೆದುಕೊಂಡರು.

"ನೈನ್," ಎಂದರು ಪರದೆಗೆ. ಇಲ್ಲ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟಂತೆ ಹೇಳಿದರು. ನಾನು ಅವರನ್ನು ಹಿಡಿದುಕೊಂಡು ಕಾರಿಡಾರಿಗೆ ಹೋದೆ, 'ಇನ್ ಡೆನ್ ಫ್ಲೂರ್'. ಅಲ್ಲಿಂದಾಚೆಗೆ ಅವರು ನನ್ನ ಜೊತೆ ಕಾರಿಡಾರಿನಲ್ಲಿ ನಡೆದರು, 'ಇಮ್ ಫ್ಲೂರ್', ಬಾಗಿಲ ತನಕ ಹೋಗಿ ವಾಪಸ್. ಆಮೇಲೆ ಕೋಣೆಗೆ ಕರೆತಂದೆ, 'ಇನ್ಸ್ ತ್ಸಿಮರ್', ಅದು ನಪುಂಸಕಲಿಂಗದ ದ್ವಿತೀಯಾ. ಈಗ ಅವರು ಮಂಚದಲ್ಲಿ ಮಲಗಿದ್ದಾರೆ, 'ಇಮ್ ಬೆಟ್'. ಚಪ್ಪಲಿ ಮಂಚದ ಕೆಳಗಿದೆ, ತಾವಾಗಿ ಏಳದ ಹಾಗೆ ನೋಡಿಕೊಳ್ಳಿ.

ಮುಖ್ಯಸ್ಥೆ ಉಸಿರು ಬಿಟ್ಟು ಹಿಂದಕ್ಕೆ ಒರಗಿದರು. ಅಜ್ಜ ಸಿಕ್ಕಿದ.

ಆದರೆ 'ಇಮ್ ಫ್ಲೂರ್' ಎಂಬುದನ್ನು ಕೇಳಿದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಮ್ಮ ಕಣ್ಣೆದುರೇ ತಮ್ಮ ಫಾರ್ಮುಲಾ ಕೊಲೆಯಾಗುತ್ತಿದೆ! ಎರಡು ಅಂಗೈಗಳು ನಿಜವಾಗಿಯೂ ಪಟಾರನೆ ಕೂಡಿದವು.

ಮುಖ್ಯಸ್ಥೆ ಬೆಚ್ಚಿ, ಅಲ್ಲಿ ಯಾರಿದ್ದಾರೆ ಎಂದು ಕೇಳಿದರು. ಸಿಸ್ಟರ್ ಸುಳ್ಳು ಹೇಳಲಿಲ್ಲ. ನಮ್ಮ ಶಿಕ್ಷಕರು ಎಂದರು. ಮುಖ್ಯಸ್ಥೆ ಒಳ್ಳೆಯ ಹೆಂಗಸು, ಅದನ್ನು ಅವರು ಮೆಚ್ಚುಗೆಯ ಚಪ್ಪಾಳೆ ಎಂದೇ ತಿಳಿದರು. ಬನ್ನಿ ಬನ್ನಿ, ಸಿಸ್ಟರ್ ಪಕ್ಕ ಕೂತುಕೊಳ್ಳಿ ಎಂದು ಆದರದಿಂದ ಕರೆದರು.

ಮೇಷ್ಟ್ರು ಸ್ಟೂಲು ಎಳೆದುಕೊಂಡು ಬಂದು ಕೂತರು. ಜೀವಮಾನದಲ್ಲಿ ಮೊದಲ ಸಲ ಜರ್ಮನರೊಬ್ಬರು ಅವರನ್ನು ನೇರವಾಗಿ ನೋಡುತ್ತಿದ್ದರು. ಏನಾದರೂ ಹೇಳಲೇಬೇಕೆಂದು ತಾವು ಈಗ ಎಲ್ಲಿ ಕೂತಿದ್ದೇವೆ ಎಂಬುದನ್ನೇ ಹೇಳಿದರು, "ಇಖ್ ಸಿಟ್ಸೆ ನೇಬನ್ ಡೆಮ್ ಶ್ವೆಸ್ಟರ್." ನಾನು ಸಿಸ್ಟರ್ ಪಕ್ಕ ಕೂತಿದ್ದೇನೆ. ಕೂತಿದ್ದಾರೆ, ಆದ್ದರಿಂದ ಕೈಕಟ್ಟು, ಆದ್ದರಿಂದ ಚತುರ್ಥಿ, ಅಲ್ಲಿಯವರೆಗೆ ಫಾರ್ಮುಲಾ ಸರಿ. ಆದರೆ ಸಿಸ್ಟರ್ ಎಂಬುದು ಸ್ತ್ರೀಲಿಂಗ, ಅಲ್ಲಿ 'ಡೇರ್' ಬರಬೇಕು ಎಂಬುದಕ್ಕೆ ಅವರ ಬಳಿ ಯಾವ ಕೈಸನ್ನೆಯೂ ಇರಲಿಲ್ಲ. ಮುಖ್ಯಸ್ಥೆ ಮುಗುಳ್ನಕ್ಕು, ಮಗುವಿಗೆ ತಿದ್ದುವ ಹಾಗೆ ಮೆಲ್ಲಗೆ "ನೇಬನ್ ಡೇರ್ ಶ್ವೆಸ್ಟರ್" ಎಂದರು. ಬಹುಶಃ ನೀವೂ ಕಲಿಯುತ್ತಿದ್ದೀರಿ, ಒಳ್ಳೆಯದು ಎಂದೂ ಸೇರಿಸಿದರು. ಮೇಷ್ಟ್ರಿಗೆ ಎರಡನೆಯ ವಾಕ್ಯ ಅರ್ಥವಾಗಲಿಲ್ಲ. ಜೋರಾಗಿ ತಲೆಯಾಡಿಸಿ "ಯಾ, ಯಾ" ಎಂದರು.

ವಾರ ಕಳೆಯುವುದರೊಳಗೆ ಏಜೆನ್ಸಿಯಿಂದ ಫೋನು ಬಂತು. ಸಿಸ್ಟರ್ ಆಯ್ಕೆಯಾಗಿದ್ದರು. ತಪ್ಪು ಹೇಳಿದ್ದನ್ನು ರೋಗಿಯ ಜಾಗದಲ್ಲಿ ನಿಂತು ತಾವೇ ಸರಿಪಡಿಸಿಕೊಂಡರು, ನಮಗೆ ಅಂಥವರೇ ಬೇಕು ಎಂದು ಮುಖ್ಯಸ್ಥೆ ಹೇಳಿದ್ದರಂತೆ. ಸಿಸ್ಟರ್ ಅದನ್ನು ಹೇಳಲು ಮಹಡಿ ಹತ್ತಿ ಬಂದಾಗ ಅವರ ಕಣ್ಣು ಎಂದಿನಂತೆ ಕೆಂಪಗೇ ಇತ್ತು. "ಕೋಣೆ ಚಿಕ್ಕದಂತೆ ಸರ್, ಒಂದು ಮಂಚ, ಒಂದು ಕಿಟಕಿ," ಎಂದರು ನನಗೆ. "ಚಿಲಕ ಇದ್ಯಾ ಅಂತ ಕೇಳ್ದೆ. ಏಜೆನ್ಸಿಯವರು ನಕ್ಕುಬಿಟ್ರು. ಕೀಲಿನೇ ಕೊಡ್ತೀವಿ ಅಂದ್ರು."

ಮೇಷ್ಟ್ರು ಅವರನ್ನು ಸುಮ್ಮನೆ ಬಿಡುತ್ತಾರೆಯೇ? ಕೈ ಹಿಡಿದು ಹೊಸ ತರಗತಿಯ ಮುಂದೆ ನಿಲ್ಲಿಸಿದರು. "ನೋಡಿ, ನಮ್ಮ ವಿದ್ಯಾರ್ಥಿನಿ! ಸಂದರ್ಶನದಲ್ಲಿ ನಾನು ಪಕ್ಕದಲ್ಲೇ ಕೂತು ದಾಟಿಸಿದ್ದು. ಹೇಳಮ್ಮ, ಫಾರ್ಮುಲಾದಿಂದ ಹೇಗೆ ಅನುಕೂಲ ಆಯ್ತು?"

ಸಿಸ್ಟರ್ ಹೊಸಬರನ್ನು ನೋಡಿದರು. ಮುಂದಿನ ಬೆಂಚಿನಲ್ಲಿದ್ದ ನರ್ಸು ಬರೆದುಕೊಳ್ಳಲು ಸಿದ್ಧಳಾಗಿ ಕೂತಿದ್ದಳು.

"ಎಲ್ಲಿ, ಎಲ್ಲಿಗೆ. ಇವೆರಡು ಪ್ರಶ್ನೆ ಕೇಳ್ಕೊಳಿ," ಎಂದರು ಅವರು. "ಕಾಲು ನೋಡಬೇಡಿ, ಜಾಗ ನೋಡಿ. ಬೇರೆ ಜಾಗಕ್ಕೆ ಸೇರಿದ್ರೆ ದ್ವಿತೀಯಾ. ಅದೇ ಜಾಗದಲ್ಲಿ ಕುಣಿದ್ರೂ ಚತುರ್ಥಿ. ಇನ್ನೊಂದು, ಕನ್ನಡದಲ್ಲಿ 'ಗೆ' ಅನ್ನೋದನ್ನ ನಾವು ಚತುರ್ಥಿ ಅಂತ ಕಲ್ತಿರ್ತೀವಿ. ಆ ಭಾಷೇಲಿ ಎಲ್ಲಿಗೆ ಅನ್ನೋದಕ್ಕೆ ದ್ವಿತೀಯಾ ಬರುತ್ತೆ, ಅಲ್ಲಿ ಬೀಳಬೇಡಿ." ಇಷ್ಟು ಹೇಳಿ ಎಲ್ಲರಿಗೂ ನಮಸ್ಕಾರ ಮಾಡಿ, ಮೇಷ್ಟ್ರಿಗೂ ಮಾಡಿ, ಮೆಟ್ಟಿಲಿಳಿದು ಹೋದರು. ರಾತ್ರಿ ಪಾಳಿಗೆ ಮುಂಚೆ ಒಂದಿಷ್ಟು ಮಲಗಬೇಕಿತ್ತು.

ತರಗತಿ ಮೇಷ್ಟ್ರನ್ನು ನೋಡಿತು. ಈಗಲಾದರೂ ಈ ಮನುಷ್ಯ ಒಂದು ದಿನ ಕೂತು ಓದುತ್ತಾನೆ ಎಂದು ನಾನು ಪ್ಲೈವುಡ್ಡಿನ ಈಚೆಯಿಂದ ಆಶೆಪಟ್ಟೆ.

"ಅವರು ಹೇಳಿದ್ದು ನೀವು ತಪ್ಪು ತಿಳ್ಕೋಬಾರದು," ಎಂದರು ಮೇಷ್ಟ್ರು, ಗಂಟಲು ಸರಿಪಡಿಸಿಕೊಂಡು. "ಫಾರ್ಮುಲಾ ಅದೇ. ಆದರೆ ಒಂದು ಅಪವಾದ ಇದೆ, ಬರ್ಕೊಳ್ಳಿ. ಆಸ್ಪತ್ರೆ ಕಾರಿಡಾರು. ಅಲ್ಲಿ ಓಡಿದ್ರೂ ಕೂತ ಹಾಗೇ ಲೆಕ್ಕ."

"ಸರ್, ಆಸ್ಪತ್ರೆ ವರಾಂಡ?" ಎಂದಳು ಮುಂದಿನ ಬೆಂಚಿನವಳು.

ಮೇಷ್ಟ್ರು ಸೂರು ನೋಡಿ ಯೋಚಿಸಿದರು. "ಅದು ಆಸ್ಪತ್ರೆ ಎಷ್ಟು ದೊಡ್ಡದು ಅನ್ನೋದರ ಮೇಲಿದೆ," ಎಂದರು.

ಹುಡುಗಿಯರು ಅದನ್ನೂ ಬರೆದುಕೊಂಡರು.